100! ಎಷ್ಟು ಅಂಕಿಗಳ ಸಂಖ್ಯೆ? ಲಾಗರಿದಮ್‌ನ ಅನುಕಲನದಿಂದ ಮೇಲ್ಮಿತಿ, ಕೆಳಮಿತಿ ಕಂಡುಕೊಳ್ಳುವ ಕ್ರಮ

ಬೆಂಗಳೂರಿನ ಜಯನಗರದಲ್ಲಿ ದಿನಪತ್ರಿಕೆ ಹಂಚುವವರೊಬ್ಬರು ಪ್ರತಿದಿನ ಬೆಳಿಗ್ಗೆ 100 ಮನೆಗಳಿಗೆ ಪತ್ರಿಕೆ ಹಾಕಬೇಕಾಗಿದೆ ಎಂದಿಟ್ಟುಕೊಳ್ಳೋಣ. ಯಾವ ಮನೆಯ ನಂತರ ಯಾವ ಮನೆಗೆ ಹೋಗಬೇಕೆಂಬುದನ್ನು ಅವರು ಎಷ್ಟು ಬಗೆಯಲ್ಲಿ ತೀರ್ಮಾನಿಸಬಹುದು? ಮೊದಲ ಮನೆಗೆ 100 ಆಯ್ಕೆಗಳು, ಎರಡನೆಯದಕ್ಕೆ 99, ಮೂರನೆಯದಕ್ಕೆ 98, ಹೀಗೆ ಕೊನೆಯ ಮನೆಯವರೆಗೆ. ಇವೆಲ್ಲವನ್ನೂ ಗುಣಿಸಿದರೆ ಸಿಗುವುದು 100 ಫ್ಯಾಕ್ಟೋರಿಯಲ್, ಅಂದರೆ 100!. ಇದನ್ನು ಸಾಮಾನ್ಯ ವೈಜ್ಞಾನಿಕ ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿದರೆ ಉತ್ತರ ಬರುವುದಿಲ್ಲ. 69! ತನಕ ಹೇಗೋ ತೋರಿಸುವ ಆ ಯಂತ್ರ 70!ಕ್ಕೆ ಬಂದಾಗ ದೋಷದ ಸೂಚನೆ ಕೊಟ್ಟು ನಿಲ್ಲುತ್ತದೆ, ಏಕೆಂದರೆ 70! ಎಂಬುದು 10ರ ನೂರನೇ ಘಾತವನ್ನು ದಾಟುತ್ತದೆ ಮತ್ತು ಅಂಥ ಯಂತ್ರಗಳಲ್ಲಿ ಘಾತವನ್ನು ತೋರಿಸಲು ಎರಡೇ ಅಂಕಿಗಳ ಸ್ಥಳವಿರುತ್ತದೆ.

ಆದರೆ 100! ಎಷ್ಟು ಅಂಕಿಗಳ ಸಂಖ್ಯೆ ಎಂದು ತಿಳಿಯಲು ಆ ಸಂಖ್ಯೆಯನ್ನೇ ಬರೆಯಬೇಕಾಗಿಲ್ಲ. ಅದರ ಲಾಗರಿದಮ್ ಗೊತ್ತಾದರೆ ಸಾಕು, ಮತ್ತು ಆ ಲಾಗರಿದಮ್ ಕೂಡ ನಿಖರವಾಗಿ ಬೇಕಿಲ್ಲ. ಅದು ಯಾವ ಎರಡು ಬೆಲೆಗಳ ನಡುವೆ ಇದೆ ಎಂದು ಖಚಿತವಾಗಿ ಹೇಳಲು ಬಂದರೆ ಸಾಕು. ಪಿಯುಸಿಯಲ್ಲಿ ಅನುಕಲನ, ಅಂದರೆ ಇಂಟಿಗ್ರೇಷನ್, ಓದಿರುವ ಯಾರಾದರೂ ಇದನ್ನು ಒಂದು ಹಾಳೆಯ ಮೇಲೆ ಮಾಡಬಹುದು. ಓದುತ್ತಾ ಹೋಗುವಾಗ ಒಂದು ಗ್ರಾಫ್ ಹಾಳೆ ಪಕ್ಕದಲ್ಲಿರಲಿ, ಏಕೆಂದರೆ ಇಲ್ಲಿನ ಪ್ರತಿಯೊಂದು ಅಸಮತೆಯೂ ಚಿತ್ರದಲ್ಲಿ ಕಣ್ಣಿಗೆ ಕಾಣುವಂಥದ್ದು.

ಹಂತ 1: ಗುಣಲಬ್ಧವನ್ನು ಮೊತ್ತವಾಗಿಸುವುದು

ಲಾಗರಿದಮ್ ತೆಗೆದುಕೊಂಡಾಗ ಗುಣಾಕಾರ ಸಂಕಲನವಾಗುತ್ತದೆ. ಹಾಗಾಗಿ

```
ln n! = ln 1 + ln 2 + ln 3 + ... + ln n
```

ಇಲ್ಲಿ `ln` ಎಂದರೆ e ಆಧಾರದ ಸ್ವಾಭಾವಿಕ ಲಾಗರಿದಮ್. ಅಂಕಿಗಳನ್ನು ಎಣಿಸಲು ಕೊನೆಯಲ್ಲಿ 10 ಆಧಾರದ ಲಾಗರಿದಮ್ ಬೇಕಾಗುತ್ತದೆ. ಆದರೆ ಅನುಕಲನ ಸರಳವಾಗಿ ನಡೆಯುವುದು `ln` ಜೊತೆಗೆ. ಆದ್ದರಿಂದ ಲೆಕ್ಕವನ್ನೆಲ್ಲ `ln`ನಲ್ಲಿ ಮುಗಿಸಿ, ಕಟ್ಟಕಡೆಗೆ ಒಮ್ಮೆ ಮಾತ್ರ 0.4342945ರಿಂದ ಗುಣಿಸಿ 10ರ ಆಧಾರಕ್ಕೆ ಬದಲಾಯಿಸುವುದು ಒಳ್ಳೆಯದು. ನಡುವೆಯೇ ಎರಡೂ ಆಧಾರಗಳನ್ನು ಬೆರೆಸಿದರೆ ಉತ್ತರ ಸುಮಾರು 2.3 ಪಟ್ಟು ಹೆಚ್ಚೋ ಕಡಿಮೆಯೋ ಆಗುತ್ತದೆ. ಈ ವಿಷಯದಲ್ಲಿ ವಿದ್ಯಾರ್ಥಿಗಳ ಹಾಳೆಗಳಲ್ಲಿ ನಾನು ಅತಿ ಹೆಚ್ಚಾಗಿ ಕಾಣುವ ತಪ್ಪು ಅದೇ.

ಹಂತ 2: ಮೊತ್ತವನ್ನು ಆಯತಗಳಾಗಿ ನೋಡುವುದು

`y = ln x` ವಕ್ರರೇಖೆಯನ್ನು x = 1ರಿಂದ ಆರಂಭಿಸಿ ಎಳೆಯಿರಿ. ಅದು 1ರಲ್ಲಿ ಸೊನ್ನೆಯಿಂದ ಹೊರಟು ಎಡೆಬಿಡದೆ ಏರುತ್ತದೆ, ಆದರೆ ಏರಿಕೆಯ ವೇಗ ಕಡಿಮೆಯಾಗುತ್ತಾ ಹೋಗುತ್ತದೆ. ಈಗ k − 1ರಿಂದ kವರೆಗಿನ ಒಂದು ಪಟ್ಟಿಯನ್ನು ಗಮನಿಸಿ. ಪಟ್ಟಿಯ ಅಗಲ 1. ಅದರ ಮೇಲೆ `ln k` ಎತ್ತರದ ಆಯತ ಎಳೆದರೆ ಆಯತದ ವಿಸ್ತೀರ್ಣವೂ `ln k` ಆಗುತ್ತದೆ, ಮತ್ತು ರೇಖೆ ಏರುತ್ತಿರುವುದರಿಂದ ಆ ಪಟ್ಟಿಯಲ್ಲಿ ರೇಖೆ ಪೂರ್ತಿ ಆಯತದ ಒಳಗೇ ಇರುತ್ತದೆ. ಅಂದರೆ ರೇಖೆಯ ಕೆಳಗಿನ ವಿಸ್ತೀರ್ಣ `ln k`ಗಿಂತ ಹೆಚ್ಚಲ್ಲ. k = 2ರಿಂದ nವರೆಗೆ ಎಲ್ಲ ಪಟ್ಟಿಗಳನ್ನೂ ಸೇರಿಸಿದಾಗ ಕೆಳಮಿತಿ ಸಿಗುತ್ತದೆ. (`ln 1` ಸೊನ್ನೆಯಾದ್ದರಿಂದ ಅದು ಮೊತ್ತಕ್ಕೆ ಏನನ್ನೂ ಸೇರಿಸುವುದಿಲ್ಲ.)

ಮೇಲ್ಮಿತಿಗೆ ಅದೇ ಆಯತವನ್ನು ಒಂದು ಮನೆ ಬಲಕ್ಕೆ ಸರಿಸಿ, kಯಿಂದ k + 1ರವರೆಗಿನ ಪಟ್ಟಿಯ ಮೇಲೆ ಕೂರಿಸಬೇಕು. ಈಗ ಆಯತ ರೇಖೆಯ ಕೆಳಗೆ ಉಳಿಯುತ್ತದೆ. k = 1ರಿಂದ n − 1ರವರೆಗೆ ಹೀಗೆ ಸೇರಿಸಿ, ಉಳಿದ ಕೊನೆಯ ಪದ `ln n` ಅನ್ನು ಹಾಗೆಯೇ ಪ್ರತ್ಯೇಕವಾಗಿ ಕೂಡಿಸುವುದು ಜಾಣತನ. ಅನೇಕರು ಆ ಕೊನೆಯ ಪದವನ್ನೂ ಆಯತವಾಗಿ ಸರಿಸಿ, ಅನುಕಲನವನ್ನು n + 1ರವರೆಗೆ ಒಯ್ಯುತ್ತಾರೆ. ಅದು ತಪ್ಪಲ್ಲ, ಆದರೆ ಮಿತಿ ಸ್ವಲ್ಪ ಸಡಿಲವಾಗುತ್ತದೆ ಮತ್ತು `ln (n + 1)` ಎಂಬ ಪದ ಲೆಕ್ಕದುದ್ದಕ್ಕೂ ಜೊತೆಗೆ ಬರುತ್ತದೆ. ಹೇಗಿದ್ದರೂ ನಮ್ಮ ಕೈಗೆ ಬರುವುದು ಇದು, ಇಲ್ಲಿ A ಎಂದರೆ 1ರಿಂದ nವರೆಗೆ ರೇಖೆಯ ಕೆಳಗಿನ ವಿಸ್ತೀರ್ಣ:

```
A ≤ ln n! ≤ A + ln n
```

ಹಂತ 3: ವಿಸ್ತೀರ್ಣವನ್ನು ಕಂಡುಹಿಡಿದು ಮೊದಲ ಉತ್ತರ ಪಡೆಯುವುದು

`ln x`ನ ಅನುಕಲನ `x ln x − x`. ನಂಬಿಕೆ ಬಾರದಿದ್ದರೆ ಅವಕಲನ ಮಾಡಿ ನೋಡಬಹುದು: `x ln x`ನಿಂದ `ln x + 1` ಬರುತ್ತದೆ, `−x`ನಿಂದ −1 ಬರುತ್ತದೆ, ಉಳಿಯುವುದು `ln x`. x = n ಮತ್ತು x = 1 ಎರಡನ್ನೂ ಹಾಕಿದಾಗ

```
A = n ln n − n + 1
```

ಕೊನೆಯ +1 ಬಂದಿರುವುದು ಕೆಳ ತುದಿಯಿಂದ. x = 1ರಲ್ಲಿ `x ln x − x`ನ ಬೆಲೆ −1, ಅದನ್ನು ಕಳೆದಾಗ +1. ಅನೇಕ ಕಡೆ ಇದನ್ನು ಬಿಟ್ಟು `n ln n − n` ಎಂದಷ್ಟೇ ಬರೆಯುತ್ತಾರೆ. n ದೊಡ್ಡದಿದ್ದಾಗ ಲಾಗರಿದಮ್‌ನಲ್ಲಿ 1 ಎಂಬುದು ಸಣ್ಣದೇ. ಆದರೆ ಮಿತಿಗಳನ್ನು ಹೋಲಿಸಲು ಹೊರಟವರು ಅದನ್ನು ಬಿಡಬಾರದು, ಏಕೆಂದರೆ ಮುಂದಿನ ಎಲ್ಲ ಹಂತಗಳಲ್ಲೂ ನಾವು ಬಿಗಿಗೊಳಿಸುವುದು ಆ ಸ್ಥಿರಾಂಕವನ್ನೇ.

n = 100 ಹಾಕೋಣ. `ln 100` = 4.605170. ಆದ್ದರಿಂದ A = 460.5170 − 100 + 1 = 361.5170, ಮತ್ತು ಮೇಲ್ಮಿತಿ 361.5170 + 4.6052 = 366.1222. ಇವನ್ನು 0.4342945ರಿಂದ ಗುಣಿಸಿದರೆ 10 ಆಧಾರದ ಲಾಗರಿದಮ್ 157.005 ಮತ್ತು 159.005ರ ನಡುವೆ ಇದೆ ಎಂದಾಗುತ್ತದೆ. ಒಂದು ಸಂಖ್ಯೆಯ ಅಂಕಿಗಳು ಎಷ್ಟೆಂದರೆ ಅದರ 10 ಆಧಾರದ ಲಾಗರಿದಮ್‌ನ ಪೂರ್ಣಾಂಕ ಭಾಗಕ್ಕೆ ಒಂದು ಸೇರಿಸಿದಷ್ಟು. ಹೀಗಾಗಿ 100! ಎಂಬುದು 158, 159 ಅಥವಾ 160 ಅಂಕಿಗಳ ಸಂಖ್ಯೆ.

ಇಲ್ಲಿ ನಿಂತು ಅಂತರವನ್ನು ಗಮನಿಸಬೇಕು. ಎರಡು ಮಿತಿಗಳ ವ್ಯತ್ಯಾಸ ಸರಿಯಾಗಿ `ln n`. ಲಾಗರಿದಮ್‌ನಲ್ಲಿ ಅದು 361ರ ಎದುರು 4.6 ಮಾತ್ರ, ಅಂದರೆ ಸುಮಾರು ಶೇಕಡಾ 1.3. ಆದರೆ n!ಕ್ಕೆ ಮರಳಿದಾಗ ಅದೇ ಅಂತರ n ಪಟ್ಟು ವ್ಯತ್ಯಾಸವಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಮೇಲ್ಮಿತಿ ಕೆಳಮಿತಿಯ 100 ಪಟ್ಟು. ಲಾಗರಿದಮ್‌ನಲ್ಲಿ ಕೂಡುವ ದೋಷ ಮೂಲ ಸಂಖ್ಯೆಯಲ್ಲಿ ಗುಣಿಸುವ ದೋಷವಾಗುತ್ತದೆ ಎಂಬುದನ್ನು ಮರೆತರೆ ಶೇಕಡಾ 1.3 ಎಂಬ ಅಂಕಿ ಸುಳ್ಳು ಸಮಾಧಾನ ಕೊಡುತ್ತದೆ.

ಲಾಗರಿದಮ್ ಮಾತ್ರ ಸಾಕಾಗುವ ಪ್ರಶ್ನೆಗಳೂ ಇವೆ, ಅಲ್ಲಿ ಇಲ್ಲಿಗೇ ನಿಲ್ಲಬಹುದು. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸದ ಸಂದರ್ಶನಗಳಿಗೆ ತಯಾರಾಗುವವರು ಎದುರಿಸುವ ಒಂದು ಪ್ರಶ್ನೆ ಅಂಥದ್ದು: ಎರಡೆರಡನ್ನು ಹೋಲಿಸುತ್ತಾ 100 ವಸ್ತುಗಳನ್ನು ಕ್ರಮಕ್ಕೆ ತರಲು ಅತಿ ಕೆಟ್ಟ ಸಂದರ್ಭದಲ್ಲಿ ಕನಿಷ್ಠ ಎಷ್ಟು ಹೋಲಿಕೆಗಳು ಬೇಕು? ಪ್ರತಿ ಹೋಲಿಕೆಗೆ ಎರಡೇ ಉತ್ತರಗಳಿರುವುದರಿಂದ 2 ಆಧಾರದಲ್ಲಿ 100!ದ ಲಾಗರಿದಮ್‌ಗಿಂತ ಕಡಿಮೆ ಹೋಲಿಕೆಗಳಲ್ಲಿ ಕೆಲಸ ಮುಗಿಯುವಂತಿಲ್ಲ. ನಮ್ಮ ಒರಟು ಕೆಳಮಿತಿ 361.517 ಅನ್ನು `ln 2` = 0.693147ರಿಂದ ಭಾಗಿಸಿದರೆ 521.6 ಬರುತ್ತದೆ, ಅಂದರೆ ಕನಿಷ್ಠ 522 ಹೋಲಿಕೆಗಳು. ನಿಖರ ಬೆಲೆಯಿಂದ ಸಿಗುವುದು 525. ವಿಂಗಡಣೆಯ ಕೆಲಸ `n ln n` ರೀತಿಯಲ್ಲಿ ಬೆಳೆಯುತ್ತದೆ ಎಂದು ತೋರಿಸಲು ಇದಕ್ಕಿಂತ ಹೆಚ್ಚಿನದು ಬೇಕಿಲ್ಲ.

ಅಂಕಿಗಳ ಪ್ರಶ್ನೆಗೆ ಮಾತ್ರ ಇನ್ನೂ ಬಿಗಿಯಾದ ಮಿತಿ ಬೇಕು.

ಹಂತ 4: ಆಯತದ ಬದಲು ತ್ರಾಪಿಜ್ಯ

ಆಯತಗಳನ್ನು ಕೂರಿಸುವಾಗ ನಾವು ಬಳಸಿಕೊಂಡದ್ದು ರೇಖೆ ಏರುತ್ತದೆ ಎಂಬ ಒಂದೇ ಗುಣವನ್ನು. ಅದು ಕೆಳಮುಖವಾಗಿ ಬಾಗಿದೆ, ಅಂದರೆ ಏರಿಕೆ ನಿಧಾನವಾಗುತ್ತಾ ಹೋಗುತ್ತದೆ, ಎಂಬ ಇನ್ನೊಂದು ಗುಣವನ್ನು ಇನ್ನೂ ಮುಟ್ಟಿಲ್ಲ. ಇಂಥ ರೇಖೆಯ ಮೇಲಿನ ಎರಡು ಬಿಂದುಗಳನ್ನು ಸೇರಿಸುವ ಜ್ಯಾ ಯಾವಾಗಲೂ ರೇಖೆಯ ಕೆಳಗೇ ಇರುತ್ತದೆ. kಯಿಂದ k + 1ರವರೆಗಿನ ಪಟ್ಟಿಯಲ್ಲಿ ಜ್ಯಾದ ಕೆಳಗೆ ಉಂಟಾಗುವ ತ್ರಾಪಿಜ್ಯದ ವಿಸ್ತೀರ್ಣ `(ln k + ln (k + 1)) / 2`, ಮತ್ತು ಅದು ರೇಖೆಯ ಕೆಳಗಿನ ವಿಸ್ತೀರ್ಣಕ್ಕಿಂತ ಕಡಿಮೆ.

1ರಿಂದ nವರೆಗೆ ಈ ತ್ರಾಪಿಜ್ಯಗಳನ್ನೆಲ್ಲ ಕೂಡಿಸಿ. ನಡುವಿನ ಪ್ರತಿ ಪದ ಎಡಗಡೆಯ ಪಟ್ಟಿಯಿಂದ ಅರ್ಧ, ಬಲಗಡೆಯ ಪಟ್ಟಿಯಿಂದ ಅರ್ಧ ಪಡೆದು ಪೂರ್ತಿಯಾಗುತ್ತದೆ. ಎರಡು ತುದಿಗಳಿಗೆ ಮಾತ್ರ ಅರ್ಧವೇ ಸಿಗುತ್ತದೆ. ಮೊದಲ ತುದಿಯಲ್ಲಿ `ln 1` ಸೊನ್ನೆ, ಹಾಗಾಗಿ ಕೊರತೆಯಾಗುವುದು ಕೊನೆಯ ತುದಿಯ `½ ln n` ಒಂದೇ. ಒಟ್ಟು ಮೊತ್ತ `ln n! − ½ ln n`, ಅದು Aಗಿಂತ ಹೆಚ್ಚಲ್ಲ. ಅರ್ಧವನ್ನು ಬಲಕ್ಕೆ ಸಾಗಿಸಿದರೆ

```
ln n! ≤ (n + ½) ln n − n + 1
```

ಹಿಂದಿನ ಮೇಲ್ಮಿತಿಯಲ್ಲಿ `ln n` ಪೂರ್ತಿಯಾಗಿ ಸೇರಿತ್ತು, ಈಗ ಅದರ ಅರ್ಧ ಮಾತ್ರ ಸೇರಿದೆ.

ಹಂತ 5: ಕೆಳಮಿತಿಗೆ ಸ್ಪರ್ಶಕ

ಜ್ಯಾ ರೇಖೆಯ ಕೆಳಗಿದ್ದರೆ ಸ್ಪರ್ಶಕ ಮೇಲಿರುತ್ತದೆ. x = kಯಲ್ಲಿ ಸ್ಪರ್ಶಕ ಎಳೆದು, ಈ ಬಾರಿ ಪಟ್ಟಿಯನ್ನು k − ½ರಿಂದ k + ½ರವರೆಗೆ ತೆಗೆದುಕೊಳ್ಳಿ. ಪಟ್ಟಿಯ ಅಗಲ ಈಗಲೂ 1, ಸ್ಪರ್ಶಕ ಸರಳರೇಖೆ, ನಡುಬಿಂದುವಿನಲ್ಲಿ ಅದರ ಎತ್ತರ `ln k`. ಎಡಕ್ಕೆ ಕಡಿಮೆಯಾದಷ್ಟೇ ಬಲಕ್ಕೆ ಹೆಚ್ಚಾಗುವುದರಿಂದ ಸ್ಪರ್ಶಕದ ಕೆಳಗಿನ ವಿಸ್ತೀರ್ಣ ಸರಿಯಾಗಿ `ln k`. ರೇಖೆ ಸ್ಪರ್ಶಕದ ಕೆಳಗಿದೆ, ಆದ್ದರಿಂದ ರೇಖೆಯ ವಿಸ್ತೀರ್ಣ `ln k`ಗಿಂತ ಕಡಿಮೆ.

k = 2ರಿಂದ n − 1ರವರೆಗೆ ಕೂಡಿಸಿದರೆ 3/2ರಿಂದ n − ½ರವರೆಗಿನ ವಿಸ್ತೀರ್ಣ ಮುಗಿಯುತ್ತದೆ. ಉಳಿದ ಅರ್ಧ ಪಟ್ಟಿ n − ½ರಿಂದ nವರೆಗಿನದು. ಅಲ್ಲಿ ರೇಖೆಯ ಎತ್ತರ ಎಲ್ಲೂ `ln n` ದಾಟುವುದಿಲ್ಲ, ಹಾಗಾಗಿ ಅದರ ವಿಸ್ತೀರ್ಣ `½ ln n`ಗಿಂತ ಹೆಚ್ಚಲ್ಲ. ಎರಡನ್ನೂ ಸೇರಿಸಿ ನೋಡಿದರೆ `ln n! − ½ ln n` ಎಂಬುದು 3/2ರಿಂದ nವರೆಗಿನ ವಿಸ್ತೀರ್ಣಕ್ಕಿಂತ ಕಡಿಮೆಯಲ್ಲ. ಅನುಕಲನದ ಕೆಳ ತುದಿಯಲ್ಲಿ 1ರ ಬದಲು 3/2 ಬಂದದ್ದರಿಂದ ಸ್ಥಿರಾಂಕ ಬದಲಾಗುತ್ತದೆ: `1.5 − 1.5 ln 1.5`, ಅಂದರೆ 0.8918. ಈಗ ಎರಡೂ ಮಿತಿಗಳು ಒಂದೇ ರೂಪ ಪಡೆದಿವೆ:

```
(n + ½) ln n − n + 0.8918 ≤ ln n! ≤ (n + ½) ln n − n + 1
```

ಹಿಂದಿನ ಅಂತರ nನ ಜೊತೆ ಬೆಳೆಯುತ್ತಿತ್ತು. ಈಗಿನ ಅಂತರ 0.1082, n ಎಷ್ಟೇ ದೊಡ್ಡದಾದರೂ ಅಷ್ಟೇ. n!ಕ್ಕೆ ಮರಳಿದರೂ ಮೇಲ್ಮಿತಿ ಕೆಳಮಿತಿಗಿಂತ ಶೇಕಡಾ 11.4ರಷ್ಟು ಮಾತ್ರ ಹೆಚ್ಚು. ಒಂದು ಜ್ಯಾ ಮತ್ತು ಒಂದು ಸ್ಪರ್ಶಕದಿಂದ ಇಷ್ಟು ದೂರ ಬರಬಹುದೆಂಬುದು ಪ್ರತಿ ಬಾರಿ ಪಾಠ ಮಾಡುವಾಗಲೂ ನನಗೆ ಸಂತೋಷ ಕೊಡುತ್ತದೆ.

ಹಂತ 6: ಮಿತಿಗಳು ತೀರ್ಪು ಕೊಡದಿದ್ದಾಗ

100!ಕ್ಕೆ ಹಿಂದಿರುಗೋಣ. `100.5 × 4.605170 − 100` = 362.8196. ಕೆಳಮಿತಿ 363.7114, ಮೇಲ್ಮಿತಿ 363.8196. 10ರ ಆಧಾರಕ್ಕೆ ಬದಲಾಯಿಸಿದರೆ 157.958 ಮತ್ತು 158.005. ಇಷ್ಟು ಬಿಗಿಯಾದ ಮಿತಿಗಳೂ 158 ಎಂಬ ಗಡಿಯ ಎರಡು ಬದಿಗಳಲ್ಲಿ ಬಿದ್ದಿವೆ! ಕೆಳಮಿತಿಯ ಪ್ರಕಾರ 158 ಅಂಕಿಗಳು, ಮೇಲ್ಮಿತಿಯ ಪ್ರಕಾರ 159. ಇಂಥ ಸಂದರ್ಭದಲ್ಲಿ ಎರಡರ ಸರಾಸರಿ ತೆಗೆದು ಉತ್ತರ ಹೇಳುವ ಆಸೆ ಹುಟ್ಟುವುದು ಸಹಜ, ಆದರೆ ಹಾಗೆ ಮಾಡಬಾರದು. ನಿಜವಾದ ಬೆಲೆ ಎರಡರ ನಡುವೆ ಎಲ್ಲಿ ಬೇಕಾದರೂ ಇರಬಹುದು, ಸರಾಸರಿಗೆ ಯಾವ ಆಧಾರವೂ ಇಲ್ಲ. ಮಾಡಬೇಕಾದದ್ದು ಸಡಿಲ ಎಲ್ಲಿದೆ ಎಂದು ಹುಡುಕುವುದು.

ಮೇಲ್ಮಿತಿಯ ಸಡಿಲವೆಂದರೆ ಪ್ರತಿ ಪಟ್ಟಿಯಲ್ಲೂ ಜ್ಯಾ ಮತ್ತು ರೇಖೆಯ ನಡುವೆ ಉಳಿಯುವ ತೆಳುವಾದ ಜಾಗ. ಮೊದಲ ಪಟ್ಟಿಯಲ್ಲಿ, ಅಂದರೆ 1ರಿಂದ 2ರವರೆಗೆ, ರೇಖೆಯ ಕೆಳಗಿನ ವಿಸ್ತೀರ್ಣ `2 ln 2 − 1` = 0.3863, ತ್ರಾಪಿಜ್ಯದ್ದು 0.3466, ವ್ಯತ್ಯಾಸ 0.0397. 2ರಿಂದ 3ರವರೆಗಿನ ಪಟ್ಟಿಯಲ್ಲಿ ವ್ಯತ್ಯಾಸ 0.0137ಕ್ಕೆ ಇಳಿಯುತ್ತದೆ. ಮುಂದೆ ಅದು ಸುಮಾರಾಗಿ `1 / (12 k (k + 1))` ರೀತಿಯಲ್ಲಿ ಕುಗ್ಗುತ್ತಾ ಹೋಗಿ, 10ನೇ ಪಟ್ಟಿಯಲ್ಲಿ 0.0008 ಮಾತ್ರ ಉಳಿಯುತ್ತದೆ. ರೇಖೆ ಹೆಚ್ಚು ಬಾಗಿರುವುದು ಆರಂಭದಲ್ಲಿ, ಆದ್ದರಿಂದ ಒಟ್ಟು ಸಡಿಲದ ಹತ್ತಿರಹತ್ತಿರ ಅರ್ಧ ಭಾಗ ಮೊದಲ ಒಂದೇ ಪಟ್ಟಿಯಲ್ಲಿದೆ.

ಹಾಗಾದರೆ ಅದೊಂದು ಪಟ್ಟಿಯನ್ನು ಅನುಕಲನಕ್ಕೆ ಒಪ್ಪಿಸದೆ, ಅದರ ಪದಗಳನ್ನು ನೇರವಾಗಿ ಬರೆದುಕೊಂಡು, 2ರಿಂದ ಮುಂದಕ್ಕೆ ಮಾತ್ರ ತ್ರಾಪಿಜ್ಯಗಳನ್ನು ಕೂರಿಸೋಣ. ಮೊದಲ ಪಟ್ಟಿಯ ಸಡಿಲವಾದ 0.0397 ಮೇಲ್ಮಿತಿಯ ಸ್ಥಿರಾಂಕದಿಂದ ಹಾಗೆಯೇ ಕಳೆದುಹೋಗುತ್ತದೆ. 1ರ ಬದಲು `2 − 1.5 ln 2`, ಅಂದರೆ 0.9603 ಬರುತ್ತದೆ. ಮೇಲ್ಮಿತಿ ಈಗ 363.7799, 10 ಆಧಾರದಲ್ಲಿ 157.988. ಇದು 158ಕ್ಕಿಂತ ಕಡಿಮೆ. ಕೆಳಮಿತಿ 157.958 ಆಗಲೇ ಇತ್ತು. ಎರಡೂ ಒಂದೇ ಬದಿಗೆ ಬಂದವು, ಆದ್ದರಿಂದ 100! ಎಂಬುದು ಖಚಿತವಾಗಿ 158 ಅಂಕಿಗಳ ಸಂಖ್ಯೆ. ನಿಜವಾದ ಬೆಲೆ 157.970, ಗಡಿಗೆ ಅಷ್ಟು ಹತ್ತಿರವಿದ್ದ ಕಾರಣದಿಂದಲೇ ಮೊದಲ ಪ್ರಯತ್ನ ತೀರ್ಪು ಕೊಡಲಿಲ್ಲ.

ಇನ್ನೂ ಬಿಗಿ ಬೇಕೆನಿಸಿದರೆ 10!ದವರೆಗೆ ನೇರವಾಗಿ ಲೆಕ್ಕ ಮಾಡಿ (3628800), 10ರಿಂದ ಮುಂದಕ್ಕೆ ಅನುಕಲನ ಬಳಸಬಹುದು. ಆಗ ಮೇಲ್ಮಿತಿಯ ಸ್ಥಿರಾಂಕ 0.9273ಕ್ಕೆ ಇಳಿಯುತ್ತದೆ. ಆರಂಭವನ್ನು ಹೀಗೆ ಮುಂದೂಡುತ್ತಾ ಹೋದಂತೆ ಅದು 0.918939 ಎಂಬ ಬೆಲೆಗೆ ಹತ್ತಿರವಾಗುತ್ತದೆ. ಅದು `½ ln 2π`. ಆದರೆ ಅದರಲ್ಲಿ π ಇದೆ ಎಂಬುದನ್ನು ನಮ್ಮ ಚಿತ್ರ ತಾನಾಗಿ ಹೇಳಲಾರದು. ಸ್ಥಿರಾಂಕವೊಂದು ಇದೆ ಮತ್ತು ಅದು ಇಂತಿಷ್ಟರ ನಡುವೆ ಇದೆ ಎಂದಷ್ಟೇ ಹೇಳಬಲ್ಲದು. ಡಿ ಮಾಯ್ವರ್ ಈ ಸೂತ್ರದ ರೂಪವನ್ನು ಕಂಡುಕೊಂಡಿದ್ದರು, ಸ್ಥಿರಾಂಕದಲ್ಲಿ π ಇದೆ ಎಂಬುದನ್ನು 1730ರ ಸುಮಾರಿಗೆ ಗುರುತಿಸಿದವರು ಜೇಮ್ಸ್ ಸ್ಟರ್ಲಿಂಗ್. ಸೂತ್ರಕ್ಕೆ ಅವರ ಹೆಸರು ಉಳಿಯಿತು. ಇಂದು ಅದನ್ನು ಸಾಧಿಸಲು ಪದವಿ ತರಗತಿಗಳಲ್ಲಿ ಸಾಮಾನ್ಯವಾಗಿ ವಾಲಿಸ್ ಗುಣಲಬ್ಧವನ್ನು ಬಳಸುತ್ತಾರೆ.

ಹಂತ 7: ಪರೀಕ್ಷಿಸುವುದು

ದೊಡ್ಡ nಗೆ ಹೋಗುವ ಮೊದಲು ಸಣ್ಣ ಬೆಲೆಯೊಂದನ್ನು ಹಾಕಿ ನೋಡುವುದು ಕ್ಷೇಮ. n = 5 ಆದಾಗ `ln 120` = 4.7875. ಒರಟು ಮಿತಿಗಳು 4.0472 ಮತ್ತು 5.6566, ಬಿಗಿ ಮಿತಿಗಳು 4.7437 ಮತ್ತು 4.8519. ನಿಜವಾದ ಬೆಲೆ ನಡುವೆ ಬೀಳದಿದ್ದರೆ ಅನುಕಲನದ ತುದಿಗಳನ್ನೋ ಆಧಾರವನ್ನೋ ತಪ್ಪಿದ್ದೀರಿ ಎಂದರ್ಥ. ಕಂಪ್ಯೂಟರಿನಲ್ಲಿ ಪರೀಕ್ಷಿಸುವವರಿಗೆ ಪೈಥಾನ್‌ನಲ್ಲಿ ಇಷ್ಟು ಸಾಕು:

```python
import math

n = 100
base = (n + 0.5) * math.log(n) - n
low = base + 1.5 * (1 - math.log(1.5))
high = base + 2 - 1.5 * math.log(2)
print(low, math.lgamma(n + 1), high)
```

ಇಲ್ಲಿ `math.lgamma(n + 1)` ಎಂಬುದು `ln n!`ನ ಬೆಲೆಯನ್ನು ಕೊಡುತ್ತದೆ; n ಅಲ್ಲ, n + 1 ಹಾಕಬೇಕು ಎಂಬುದನ್ನು ಮರೆಯಬಾರದು. ಫ್ಯಾಕ್ಟೋರಿಯಲ್ ಅನ್ನು ದಶಮಾಂಶ ಸಂಖ್ಯೆಯಾಗಿ ಮೊದಲು ಲೆಕ್ಕ ಮಾಡಿ ನಂತರ ಲಾಗರಿದಮ್ ತೆಗೆಯಲು ಹೋದರೆ 171!ರಲ್ಲಿ ಅದು ಕಂಪ್ಯೂಟರಿನ ಸಾಮಾನ್ಯ ದಶಮಾಂಶ ಸಂಖ್ಯೆಗಳ ವ್ಯಾಪ್ತಿಯನ್ನು ಮೀರುತ್ತದೆ.

ಫ್ಯಾಕ್ಟೋರಿಯಲ್‌ಗಳನ್ನು ಭಾಗಿಸಬೇಕಾದಾಗ

ಒರಟು ಮಿತಿ ಹೆಚ್ಚು ಹಾದಿ ತಪ್ಪಿಸುವುದು ಇಲ್ಲಿಯೇ. ಜಯನಗರದ ಆ 100 ಮನೆಗಳನ್ನು ಇಬ್ಬರಿಗೆ ಹಂಚಿ, ಮೊದಲನೆಯವರಿಗೆ ಸೇರಬೇಕಾದ 50 ಮನೆಗಳನ್ನು ಆರಿಸಬೇಕಾಗಿದೆ ಎಂದುಕೊಳ್ಳಿ. ಆಯ್ಕೆಯ ಬಗೆಗಳು `100! / (50! × 50!)`. ಲಾಗರಿದಮ್‌ನಲ್ಲಿ ಇದು `ln 100! − 2 ln 50!`. ಇಲ್ಲಿ `n ln n − n` ಎಂಬ ಸರಳ ರೂಪವನ್ನೇ ಹಾಕಿದರೆ −100 ಮತ್ತು +100 ಒಂದನ್ನೊಂದು ಅಳಿಸಿಕೊಂಡು, ಉಳಿಯುವುದು `100 ln 2`, ಅಂದರೆ ಉತ್ತರ 2ರ ನೂರನೇ ಘಾತ. ಅದು ಸರಿಯಿರಲು ಸಾಧ್ಯವೇ ಇಲ್ಲ, ಏಕೆಂದರೆ 100 ಮನೆಗಳ ಎಲ್ಲ ಉಪಗಣಗಳ ಒಟ್ಟು ಸಂಖ್ಯೆಯೇ ಅಷ್ಟು, 50ರ ಗುಂಪುಗಳು ಅದರ ಒಂದು ಭಾಗ ಮಾತ್ರ. ಅದು ನಿಜವಾದ ಉತ್ತರದ ಸುಮಾರು 12.6 ಪಟ್ಟು. ದೊಡ್ಡ ಪದಗಳು ಅಳಿಸಿಹೋದಾಗ ನಾವು ಸಣ್ಣದೆಂದು ಕೈಬಿಟ್ಟಿದ್ದ `½ ln n` ಪದಗಳೇ ಉತ್ತರವನ್ನು ನಿರ್ಧರಿಸುತ್ತವೆ.

ಬಿಗಿ ಮಿತಿಗಳನ್ನು ಬಳಸುವಾಗಲೂ ದಿಕ್ಕನ್ನು ಗಮನಿಸಬೇಕು. ಭಾಗಲಬ್ಧದ ಕೆಳಮಿತಿಗೆ 100!ದ ಕೆಳಮಿತಿಯಿಂದ 50!ದ ಮೇಲ್ಮಿತಿಯ ಎರಡರಷ್ಟನ್ನು ಕಳೆಯಬೇಕು. ಮೇಲ್ಮಿತಿಗೆ ಇದರ ತಿರುವು. ಕೆಳಗಿನದರಿಂದ ಕೆಳಗಿನದನ್ನೇ ಕಳೆದರೆ ಸಿಗುವ ಸಂಖ್ಯೆ ಮಿತಿಯೇ ಅಲ್ಲ. ಹಂತ 5ರ ಮಿತಿಗಳಲ್ಲಿ ಸ್ಥಿರಾಂಕಗಳನ್ನು ಬಿಟ್ಟು ಉಳಿಯುವ ಭಾಗ `100 ln 2 + ½ ln 100 − ln 50` = 67.7053. ಸ್ಥಿರಾಂಕಗಳು ಕೆಳಗೆ 0.8918 − 2 = −1.1082, ಮೇಲೆ 1 − 1.7836 = −0.7836. ಹೀಗೆ ಲಾಗರಿದಮ್ 66.597 ಮತ್ತು 66.922ರ ನಡುವೆ ಬರುತ್ತದೆ, ಆಯ್ಕೆಯ ಬಗೆಗಳು `8.37 × 10^28` ಮತ್ತು `1.16 × 10^29`ರ ನಡುವೆ. ನಿಜವಾದ ಸಂಖ್ಯೆ `1.009 × 10^29`. ಇದನ್ನೂ ಬಿಗಿಗೊಳಿಸಬೇಕೆಂದರೆ ಹಂತ 6ರ 0.9603 ಅನ್ನು ಎರಡೂ ಕಡೆಯ ಮೇಲ್ಮಿತಿಗಳಲ್ಲಿ 1ರ ಜಾಗಕ್ಕೆ ಹಾಕಿ ಇದೇ ಲೆಕ್ಕವನ್ನು ಮತ್ತೆ ಮಾಡಬಹುದು.